ಕುಂಕುಮದ ಕೆಳಗಿದ್ದ ತಾರೀಕು

ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಸ್ಕೂಟರ್ ತೊಳೆದು ಹೂ ಹಾಕುವುದಷ್ಟೇ ಅಲ್ಲ, ಅದರ ಆರ್‌ಸಿ ಕಾರ್ಡು, ನನ್ನ ಡ್ರೈವಿಂಗ್ ಲೈಸೆನ್ಸು ಎರಡನ್ನೂ ತಟ್ಟೆಯಲ್ಲಿಟ್ಟು ಅರಿಶಿನ ಕುಂಕುಮ ಹಚ್ಚುತ್ತೇವೆ. ಮಾರನೆಯ ದಿನ ಹಾಗೇ ಪ್ಲಾಸ್ಟಿಕ್ ಕವರಿಗೆ ಸೇರಿಸಿ ಒಳಗಿಡುವುದು. ಸಿಲಿಂಡರ್ ಬದಲಾಯಿಸಿದ ದಿನ, ಉಪ್ಪಿನಕಾಯಿ ಹಾಕಿದ ದಿನ ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ನಾನು ಆ ಲೈಸೆನ್ಸನ್ನು ಮಾತ್ರ ಪೂಜಿಸಿದೆನೇ ಹೊರತು ಓದಲಿಲ್ಲ. ಒಂದು ದಿನ ಯಾವುದೋ ಜೆರಾಕ್ಸ್‌ಗೆಂದು ತೆಗೆದು ಒರೆಸಿದಾಗ ಗೊತ್ತಾಯಿತು: ಅವಧಿ ಮುಗಿದು ಒಂದು ವರ್ಷ ನಾಲ್ಕು ತಿಂಗಳು.

ಅಂದಿನಿಂದ ಸ್ಕೂಟರ್ ಮುಟ್ಟಲಿಲ್ಲ. ಲಕ್ಷ್ಮೀಪುರಂನಿಂದ ಉದಯಗಿರಿಯ ತರಬೇತಿ ಕೇಂದ್ರಕ್ಕೆ ಹೊಲಿಗೆ ಕಲಿಸಲು ಹೋಗುವವಳು ನಾನು. ಎರಡು ಬಸ್ಸು ಹಿಡಿದು ತಲುಪುವಷ್ಟರಲ್ಲಿ ಹೆಂಗಸರು ಅರ್ಧ ಗಂಟೆ ಕಾದಿರುತ್ತಿದ್ದರು. ಹೀಗೇ ಆದರೆ ಬೇರೆ ಟೀಚರನ್ನು ನೋಡಬೇಕಾಗುತ್ತದೆ ಎಂದು ಕೇಂದ್ರದವರು ಮೆತ್ತಗೆ ಹೇಳಿಯೂ ಆಗಿತ್ತು.

ಆನ್‌ಲೈನಿನಲ್ಲಿ ನವೀಕರಣದ ಅರ್ಜಿ ತುಂಬಿ, ನಲವತ್ತು ದಾಟಿದವರಿಗೆ ಬೇಕಾದ ವೈದ್ಯರ ಸರ್ಟಿಫಿಕೇಟು ಹಿಡಿದು, ಯಜಮಾನರ ಜೊತೆ ಆರ್‌ಟಿಒ ಕಚೇರಿಗೆ ಹೋದೆ. ತಡವಾದದ್ದಕ್ಕೆ ಕಾರಣ ಬರೆದುಕೊಡಿ ಎಂದರು. ಹೊರಗೆ ಅರ್ಜಿ ಬರೆಯುವವರೊಬ್ಬರು, ಕಾಮಾಲೆ ಆಗಿತ್ತು ಅಂತ ಹಾಕಿಬಿಡೋಣ, ಎಲ್ಲರೂ ಹಾಕುವುದು ಅದನ್ನೇ ಎಂದರು. ನನಗೆ ಕಾಮಾಲೆ ಬಂದೇ ಇಲ್ಲವಲ್ಲ. ಪೂಜೆಯ ಸಂಗತಿಯನ್ನೇ ಸ್ವಂತ ಕೈಯಲ್ಲಿ ಬರೆದೆ.

ಕೌಂಟರಿನ ಮೇಡಂ ಅದನ್ನು ಎರಡು ಸಲ ಓದಿದರು. "ನಮ್ಮನೇಲೂ ಹಿಂಗೇ ಇಡೋದು ಕಣ್ರೀ. ಇವತ್ತು ಹೋಗಿ ನಂದೂ ನೋಡ್ಕೋಬೇಕು," ಎಂದರು. ಪತ್ರ ಫೈಲಿಗೆ ಸೇರಿತು. ಆದರೆ ಕಾರಣ ಏನೇ ಇರಲಿ, ವರ್ಷ ದಾಟಿದ ಮೇಲೆ ಮತ್ತೆ ಗಾಡಿ ಓಡಿಸಿ ತೋರಿಸಲೇಬೇಕು, ಅದಕ್ಕೆ ವಿನಾಯಿತಿ ಇಲ್ಲ ಎಂದರು. ಮುಂದಿನ ವಾರಕ್ಕೆ ಟೆಸ್ಟಿನ ದಿನ ಸಿಕ್ಕಿತು.

ಓಡಿಸುವುದರಲ್ಲಿ ನನಗೆ ಅಳುಕಿರಲಿಲ್ಲ. ಒಂದೇ ಕೆಟ್ಟ ಅಭ್ಯಾಸ, ಬಟ್ಟೆಯ ಚೀಲ ಹೊತ್ತು ಹೊತ್ತು ತಿರುವಿನಲ್ಲಿ ಕಾಲೂರುವುದು. ಟೆಸ್ಟಿನ ಎಂಟರ ಆಕಾರದ ಟ್ರ್ಯಾಕಿನಲ್ಲಿ ಕಾಲೂರಿದರೆ ಫೇಲು. ಪರಿಚಯದವರ ಛತ್ರದ ಅಂಗಳದಲ್ಲಿ ರಂಗೋಲಿ ಪುಡಿಯಿಂದ ದೊಡ್ಡದೊಂದು ಎಂಟು ಬರೆದು ನಾಲ್ಕು ಸಂಜೆ ಸುತ್ತಿದೆ. ಯಜಮಾನರು ಮೆಟ್ಟಿಲ ಮೇಲೆ ಕೂತು, "ಕಾಲು ಕಣೇ, ಕಾಲು," ಎನ್ನುತ್ತಲೇ ಇದ್ದರು.

ಟೆಸ್ಟಿನ ದಿನ ನನ್ನ ಮುಂದಿದ್ದ ಹುಡುಗಿ ಮೊದಲ ತಿರುವಿನಲ್ಲೇ ಕಾಲಿಟ್ಟು ಹೊರಗೆ ಬಂದಳು. ನಾನು ನಿಧಾನಕ್ಕೆ ಹೊರಟೆ. ಎರಡನೆಯ ತಿರುವಿನಲ್ಲಿ ಎಡಗಾಲು ತಾನಾಗೇ ಎದ್ದಿತು. ಬೆರಳು ಮಡಚಿ ಅದನ್ನು ಫುಟ್‌ಬೋರ್ಡಿಗೇ ಒತ್ತಿ ಹಿಡಿದು ಎಂಟು ಮುಗಿಸಿದೆ.

ಇನ್ಸ್‌ಪೆಕ್ಟರು ತಲೆಯೆತ್ತದೆ ಬರೆದುಕೊಂಡರು. "ಪಾಸಮ್ಮ. ಮಂಜೂರಾದ ಮೆಸೇಜ್ ಬರೋವರ್ಗೂ ಓಡಿಸ್ಬೇಡಿ. ಈಗ ಯಜಮಾನ್ರೇ ಕರ್ಕೊಂಡು ಹೋಗ್ಲಿ."

ಮೆಸೇಜು ಮರುದಿನ ಸಂಜೆ ಬಂತು. ಅದರ ಮಾರನೆಯ ಬೆಳಿಗ್ಗೆ ನಾನು ಉದಯಗಿರಿ ತಲುಪಿದಾಗ ಕೇಂದ್ರದ ಬಾಗಿಲನ್ನು ಇನ್ನೂ ಯಾರೂ ತೆಗೆದಿರಲಿಲ್ಲ.