ಹೂ ಮುಡಿದ ನನ್ನ ಹೆಸರು

ಕೋಟೆ ಪಟ್ಟಣದ ಬಸ್ ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಸ್ಟೋರಿನಲ್ಲಿ ನಾನು ಫಾರ್ಮಸಿಸ್ಟ್ ಆಗಿದ್ದಷ್ಟು ಕಾಲವೂ ನಮ್ಮ ಸಾಹುಕಾರರು ಬೆಳಿಗ್ಗೆ ಗೋಡೆಯ ಮೂರು ಚೌಕಟ್ಟುಗಳಿಗೆ ಹೂವಿಡುತ್ತಿದ್ದರು. ಒಂದು ಶಿವನ ಪಟ, ಇನ್ನೊಂದು ಅವರ ತಾಯಿಯ ಫೋಟೊ. ಮೂರನೆಯದು ನನ್ನ ನೋಂದಣಿ ಪ್ರಮಾಣಪತ್ರ. ಅದಕ್ಕೂ ವಿಭೂತಿ, ಅದಕ್ಕೂ ಊದುಬತ್ತಿ.

"ಬದುಕಿರೋಳಿಗೆ ಹೂ ಹಾಕ್ತೀರಲ್ಲ, ನಿಮಗೇನು ಅವಸರ?" ಎಂದು ಮೊದಲ ವಾರವೇ ರೇಗಿದ್ದೆ.

"ಇದಿಲ್ದೆ ಅಂಗ್ಡಿ ಬಾಗ್ಲು ತೆಗೆಯಂಗಿಲ್ಲ ಕಣವ್ವ. ನಂಗೆ ಇದೂ ದೇವ್ರೇಯ" ಎಂದಿದ್ದರು.

ಅವರು ಹೇಳಿದ್ದು ನಿಜ. ಲೈಸೆನ್ಸಿನಲ್ಲಿ ಒಬ್ಬ ಫಾರ್ಮಸಿಸ್ಟ್ ಹೆಸರಿರಲೇಬೇಕು, ಆ ಫಾರ್ಮಸಿಸ್ಟ್ ಅಂಗಡಿಯಲ್ಲಿರಲೇಬೇಕು. ಒಬ್ಬರೇ ಎರಡು ಕಡೆ ಹೆಸರು ಕೊಡುವಂತಿಲ್ಲ. ಹಾಗಾಗಿಯೇ ಹುಣಸೂರಿನ ಒಂದು ಆಸ್ಪತ್ರೆಯ ಔಷಧ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಾಗ ಖುಷಿಯ ಜೊತೆಗೇ ಚಿಂತೆಯೂ ಶುರುವಾಯಿತು. ಸಾಹುಕಾರರು ಬಿಡುಗಡೆ ಪತ್ರ ಕೊಟ್ಟರೆ ಮಾತ್ರ ಅಲ್ಲಿಗೆ ಸೇರಬಹುದು. ಕೊಟ್ಟರೆ ಇಲ್ಲಿ ಅವರಿಗೆ ಫಾರ್ಮಸಿಸ್ಟ್ ಇಲ್ಲ.

ಹೋಗಲೇಬೇಕು ಅನ್ನಿಸಿತ್ತು. ವಾರ್ಡಿನ ರೋಗಿಗೆ ಕೊಟ್ಟ ಔಷಧ ನಾಟಿತೋ ಇಲ್ಲವೋ ಎಂದು ಮಾರನೆಯ ದಿನ ತಿಳಿಯುವ ಕಡೆ ಕೆಲಸ ಮಾಡುವ ಆಸೆ. ಅಂಗಡಿಯಲ್ಲಿ ಮಾತ್ರೆ ಕೊಂಡವರು ಬಸ್ ಹತ್ತಿದರೆ ಮುಗಿಯಿತು, ಅವರಿಗೆ ವಾಸಿಯಾಯಿತೇ ಎಂದು ಕೇಳುವುದು ಯಾರನ್ನು?

ರಾಜೀನಾಮೆ ಪತ್ರವನ್ನು ಕನ್ನಡದಲ್ಲೇ ಬರೆದೆ. ಎಷ್ಟೋ ಸಲ ಹರಿದು ಬರೆದ ಮೇಲೆ ಉಳಿದದ್ದು ಇಷ್ಟು: "ಕಾಲೇಜಿನಲ್ಲಿ ಔಷಧದ ಹೆಸರು ಕಲಿತೆ. ಅದನ್ನು ತಿನ್ನುವ ಮನುಷ್ಯರನ್ನು ಗಮನಿಸುವುದನ್ನು ನಿಮ್ಮ ಅಂಗಡಿಯಲ್ಲಿ ಕಲಿತೆ. ಅದಕ್ಕೆ ಋಣಿ. ಈ ತಿಂಗಳ ಕೊನೆಯವರೆಗೂ ಇರುತ್ತೇನೆ. ಹೊಸಬರಿಗೆ ಎಲ್ಲವನ್ನೂ ಒಪ್ಪಿಸಿ, ಹೇಳಿಕೊಟ್ಟು ಹೋಗುತ್ತೇನೆ."

ಸಾಹುಕಾರರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಆಮೇಲೆ ಗೋಡೆಯ ಮೇಲಿನ ನನ್ನ ಪ್ರಮಾಣಪತ್ರ ನೋಡಿದರು.

"ಓಗವ್ವ, ಬ್ಯಾಡ ಅನ್ನಾಕಿಲ್ಲ. ಆದ್ರೆ ಅದನ್ನ ಅಲ್ಲೇ ಬುಟ್ಟೋಗು. ಆಸ್ಪತ್ರೆಗೆ ಜೆರಾಕ್ಸ್ ಕೊಡು."

ಎಷ್ಟೋ ಅಂಗಡಿಗಳಲ್ಲಿ ಹೀಗೆ ನಡೆಯುತ್ತದೆ: ಗೋಡೆಯಲ್ಲಿ ಒಬ್ಬರ ಹೆಸರು, ಕೌಂಟರಿನಲ್ಲಿ ಇನ್ಯಾರೋ. ಅವರು ಕೇಳಿದ್ದು ಮೋಸದ ಬುದ್ಧಿಯಿಂದಲ್ಲ, ದೇವರ ಪಟ ತೆಗೆಯಬೇಡ ಅನ್ನುವ ದನಿಯಲ್ಲಿ. ಆದರೂ ನನಗೆ ಮೈಯೆಲ್ಲ ಉರಿಯಿತು.

"ನಾನಿಲ್ಲದಾಗ ಯಾರೋ ತಪ್ಪು ಮಾತ್ರೆ ಕೊಟ್ಟು ಯಾರಿಗೋ ಹೆಚ್ಚುಕಮ್ಮಿಯಾದ್ರೆ, ಕೊಟ್ಟೋಳು ನಾನೇ ಆಗ್ತೀನಿ ಸಾವ್ಕಾರ್ರೇ. ಹೂವಿಟ್ಟಿದ್ದು ಇದಕ್ಕೇನಾ?"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಪತ್ರವನ್ನು ಗಲ್ಲಾಪೆಟ್ಟಿಗೆಯ ಕೆಳಗೆ ಹಾಕಿ ಎದ್ದುಹೋದರು. ಮರುದಿನದಿಂದ ಎರಡೇ ಚೌಕಟ್ಟಿಗೆ ಹೂವು. ಬೇಡ ಎಂದವಳು ನಾನೇ. ಆದರೂ ಬರಿದಾದ ಆ ಗಾಜು ನೋಡಿದಾಗಲೆಲ್ಲ ಅಳು ಬರುತ್ತಿತ್ತು.

ನಾನೇ ಅಲ್ಲಿ ಇಲ್ಲಿ ಫೋನ್ ಮಾಡಿ ಕೆ.ಆರ್.ನಗರದ ಕಡೆಯ ಒಬ್ಬ ಮಹಿಳಾ ಫಾರ್ಮಸಿಸ್ಟನ್ನು ಹುಡುಕಿದೆ. ಮಗುವಿಗಾಗಿ ಕೆಲಸ ಬಿಟ್ಟವರು, ಗಂಡನಿಗೆ ವರ್ಗವಾಗಿ ಕೋಟೆಗೇ ಬಂದಿದ್ದರು. ಸಾಹುಕಾರರು ಒಪ್ಪಿದರು. ಇನ್ಸುಲಿನ್ ಇಡುವ ಫ್ರಿಜ್ಜು, ಅವಧಿ ಮುಗಿದ ಮಾಲಿನ ಡಬ್ಬ, ಡಾಕ್ಟರ ಹೆಸರು ಬರೆದುಕೊಂಡೇ ಕೊಡಬೇಕಾದ ಮಾತ್ರೆಗಳ ರಿಜಿಸ್ಟರ್, ಎಲ್ಲ ಆಕೆಗೆ ತೋರಿಸಿದೆ.

ಅಷ್ಟರಲ್ಲಿ ಅಂತರಸಂತೆ ಕಡೆಯ ಕಾಡಂಚಿನ ಬುಡಕಟ್ಟು ಹಾಡಿಯಿಂದ ಬರುವ ಅಜ್ಜಿಯೊಬ್ಬರು ಸೆರಗಿನ ಗಂಟಿನಿಂದ ಖಾಲಿ ಮಾತ್ರೆಪಟ್ಟಿಯ ಚೂರು ತೆಗೆದು, "ಇಂತದ್ದೇ ಕೊಡವ್ವ" ಎಂದರು.

ಹೊಸಬರಿಗೆ ಹೇಳಿದೆ: "ಇವರಿಗೆ ಡಾಕ್ಟರು ಬರೆದ ಚೀಟಿ ಫೈಲಿನಲ್ಲಿದೆ, ಅದನ್ನು ನೋಡಿಯೇ ಕೊಡಿ. ಬಣ್ಣ ನೋಡಿ ಕೊಡಬೇಡಿ. ಪಟ್ಟಿ ಕತ್ತರಿಸುವಾಗ ಮಾತ್ರೆಯ ಹೆಸರು, ಅವಧಿ ಮುಗಿಯುವ ತಾರೀಖು ಇರುವ ತುದಿ ಅವರಿಗೇ ಹೋಗಲಿ."

ಸಾಹುಕಾರರು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

ಕೊನೆಯ ದಿನ ಅವರೇ ಸ್ಟೂಲು ಹತ್ತಿ ನನ್ನ ಪ್ರಮಾಣಪತ್ರದ ಚೌಕಟ್ಟು ಇಳಿಸಿ, ಪಂಚೆಯ ತುದಿಯಿಂದ ಒರೆಸಿ, ಬಿಡುಗಡೆ ಪತ್ರದ ಜೊತೆ ನನ್ನ ಕೈಗಿಟ್ಟರು. "ಉಸಾರು" ಎಂದರು, ಅಷ್ಟೇ. ಹೊಸಬರ ಹೆಸರು ಲೈಸೆನ್ಸಿಗೆ ಸೇರಲು ಇನ್ನೂ ಕೆಲವು ದಿನ ಬೇಕಿತ್ತು. ಅಲ್ಲಿಯವರೆಗೆ ಏನು ಮಾಡುತ್ತಾರೋ ಕೇಳುವ ಧೈರ್ಯ ನನಗಾಗಲಿಲ್ಲ. ತಮ್ಮ ತಾಯಿ ತೀರಿಕೊಂಡಾಗಲೂ ಮಣ್ಣು ಮಾಡಿ ಬಂದು ಸಂಜೆಗೆ ಅಂಗಡಿ ಬಾಗಿಲು ತೆಗೆದಿದ್ದ ಮನುಷ್ಯ ಅವರು.

ಮರುದಿನ ಹುಣಸೂರು ಬಸ್ಸಿಗೆ ಹೋಗುವಾಗ ಬೇಕೆಂದೇ ಅಂಗಡಿಯ ಮುಂದೆ ಹಾದುಹೋದೆ. ಸಾಹುಕಾರರು ಹೊರಗೆ ಕುರ್ಚಿ ಹಾಕಿಕೊಂಡು ಕೂತು, ಬಂದವರನ್ನು ಎದುರಿನ ಅಂಗಡಿಗೆ ಕಳಿಸುತ್ತಿದ್ದರು. ಅವರ ಹಿಂದೆ ಶಟರ್ ಪೂರ್ತಿ ಇಳಿದಿತ್ತು. ಅದರ ಮೇಲೆ ಅವರದೇ ಕೈಬರಹದ ಹಾಳೆ: "ಫಾರ್ಮಸಿಸ್ಟ್ ಇಲ್ಲ. ಔಷಧಿ ಕೊಡುವುದಿಲ್ಲ."