ಪುಸ್ತಕದಲ್ಲಿ ಇಲ್ಲದ ಹನ್ನೊಂದು ವರ್ಷ

ಕೊಟ್ಟೂರಿನ ಒಂದು ಕಾಲೇಜಿನಲ್ಲಿ ನಾನು ಆಫೀಸ್ ಸೂಪರಿಂಟೆಂಡೆಂಟ್. ಕಾಲೇಜು, ಹಾಸ್ಟೆಲ್ಲುಗಳ ಕರೆಂಟು, ನೀರು, ಮೋಟರು ಎಲ್ಲವನ್ನೂ ಹನ್ನೊಂದು ವರ್ಷ ನೋಡಿಕೊಂಡವರು ಊರಿನವರೇ ಆದ ಒಬ್ಬ ಗುತ್ತಿಗೆದಾರರು. ನನಗೆ ಅವರು ಬರೀ ಭಾಯ್. ಸಂಜೆ ನಾಲ್ಕಕ್ಕೆ ನನ್ನ ಟೇಬಲ್ಲಿಗೆ ಎರಡು ಲೋಟ ಚಹಾ ಬರುತ್ತಿತ್ತು, ಒಂದು ಅವರದು. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುವ ನನಗೆ ಇಡೀ ದಿನದಲ್ಲಿ ಮಾತು ಎಂದರೆ ಆ ಅರ್ಧ ತಾಸು. ಉಳಿದದ್ದೆಲ್ಲ ಫೈಲು.

ಈ ವರ್ಷ ಆಡಳಿತ ಮಂಡಳಿ, ನಿರ್ವಹಣೆಯ ಗುತ್ತಿಗೆಗೆ ಹೊಸದಾಗಿ ಅರ್ಜಿ ಕರೆದು ಅಂಕ ಹಾಕಿಯೇ ಆರಿಸಿ ಎಂದಿತು. ಅಂಕಪಟ್ಟಿ ಮಾಡಿದವನು ನಾನೇ. ಲಕೋಟೆ ಒಡೆಯುವ ಮೊದಲೇ ತೂಕಗಳನ್ನು ಗೊತ್ತುಮಾಡಿ ಪ್ರಿನ್ಸಿಪಾಲ್ ಮೇಡಂ ಕೈಯಿಂದ ಸಹಿ ಮಾಡಿಸಿದೆ. ದೂರು ಕೊಟ್ಟರೆ ಎಷ್ಟು ಬೇಗ ಬರುತ್ತಾರೆ ಎಂಬುದಕ್ಕೆ ಮೂವತ್ತು, ಕೆಲಸದ ಗುಣಕ್ಕೆ ಮೂವತ್ತು, ಲೈಸೆನ್ಸು ಮತ್ತು ಕಾರ್ಮಿಕರ ದಾಖಲೆಗೆ ಇಪ್ಪತ್ತು, ದರಕ್ಕೆ ಇಪ್ಪತ್ತು. ಒಂದೊಂದಕ್ಕೂ ಐದರೊಳಗೆ ಅಂಕ ಕೊಟ್ಟು ತೂಕದಿಂದ ಗುಣಿಸುವುದು. ಬೇಗ ಬರುವುದಕ್ಕೆ ಅಷ್ಟು ತೂಕ ಇಟ್ಟದ್ದು ಭಾಯ್ ಗೆಲ್ಲಲಿ ಎಂದೇ, ಸುಳ್ಳೇಕೆ ಹೇಳಲಿ. ಆದರೆ ಯಾರೂ ಬೆರಳು ತೋರಿಸಬಾರದೆಂದು ಕೆಳಗೆ ಇನ್ನೊಂದು ಸಾಲನ್ನೂ ನಾನೇ ಸೇರಿಸಿದ್ದೆ: ಬರಹದ ಪುರಾವೆ ಇಲ್ಲದಿದ್ದರೆ ಒಂದೇ ಅಂಕ.

ಮೂರು ಅರ್ಜಿ ಬಂದವು. ಲೈಸೆನ್ಸೇ ಇಲ್ಲದ ಒಂದು ಮೊದಲೇ ಬಿದ್ದುಹೋಯಿತು. ಉಳಿದವರು ಭಾಯ್ ಮತ್ತು ದಾವಣಗೆರೆಯ ಒಂದು ಕಂಪನಿ. ಮೇಡಂ ನಮ್ಮ ದೂರಿನ ಪುಸ್ತಕ ತೆಗೆದರು. ಹಾಳೆಗಳೆಲ್ಲ ಖಾಲಿ. ಮೋಟರು ನಿಂತರೆ ನಾನು ಭಾಯ್‌ಗೆ ಫೋನ್ ಮಾಡುತ್ತಿದ್ದೆ. ಪುಸ್ತಕ ಹುಡುಕುವಷ್ಟರಲ್ಲಿ ಅವರ ಸ್ಕೂಟರು ಗೇಟಿನೊಳಗೆ ಬಂದಿರುತ್ತಿತ್ತು.

"ಅರ್ಧ ತಾಸಿನ್ಯಾಗ ಬರ್ತಾರ್ರಿ ಮೇಡಂ, ನಾ ಕಣ್ಣಾರೆ ನೋಡೀನಿ," ಎಂದೆ.

"ನೀವು ನೋಡಿದ್ದು ಖರೇ ಐತ್ರಿ. ಬರದಿದ್ದು ಎಲ್ಲೈತಿ? ಆ ಕಂಪನಿಯವ್ರು ಬ್ಯಾರೆ ಕಾಲೇಜಿನ ದೂರಿನ ಪುಸ್ತಕದ ನಕಲು ಕೊಟ್ಟಾರ. ರೂಲು ನಿಮ್ದ ಅಲ್ಲೇನ್ರಿ?"

ಮಾಡಿದ್ದುಣ್ಣೋ ಮಹರಾಯ. ವರ್ಷವರ್ಷದ ತಪಾಸಣೆ ವರದಿಗಳು ಫೈಲಿನಲ್ಲಿದ್ದವು, ಹಾಗಾಗಿ ಕೆಲಸದ ಗುಣದಲ್ಲಿ, ಜೊತೆಗೆ ದರದಲ್ಲಿ ಭಾಯ್‌ಗೆ ಐದೈದು. ದಾಖಲೆಗೆ ಮೂರು. ಬೇಗ ಬರುವುದಕ್ಕೆ ಒಂದು. ಒಟ್ಟು ಮುನ್ನೂರ ನಲವತ್ತು. ಕಂಪನಿಗೆ ಮುನ್ನೂರ ಎಂಬತ್ತು. ಆ ಒಂದರ ಜಾಗದಲ್ಲಿ ಮೂರು ಇದ್ದಿದ್ದರೂ ಭಾಯ್ ನಾನೂರು ಮುಟ್ಟುತ್ತಿದ್ದರು. ಒಂದನ್ನು ಬರೆದದ್ದು ನನ್ನ ಕೈ.

ಸುದ್ದಿ ಹೇಳಿದಾಗ ಅವರು ಸಿಟ್ಟಾಗಲಿಲ್ಲ. ಆಗಿದ್ದರೆ ನನಗೆ ಹಗುರಾಗುತ್ತಿತ್ತು.

"ಬರ್ಕೋರಿ ಸರ ಅಂತ ನಾನ ಹೇಳಬೇಕಿತ್ತು," ಎಂದರು. "ಮನಿ ಕೆಲಸ ಯಾರ ಬರ್ಕೋತಾರ ಅಂತ ಸುಮ್ನಿದ್ದೆ."

ಚಹಾ ಕುಡಿದು, ಹಾಸ್ಟೆಲಿನ ಬೀಗದ ಕೈಗಳ ಗೊಂಚಲನ್ನು ಟೇಬಲ್ಲಿನ ಮೇಲಿಟ್ಟು ಹೋದರು.

ಹೋದ ವಾರ ನನ್ನ ಫ್ಯಾನು ನಿಂತಿತು. ಪುಸ್ತಕದಲ್ಲಿ ಬರೆದೆ. ಕಂಪನಿಯವನು ನಲವತ್ತು ನಿಮಿಷಕ್ಕೆ ಬಂದ, ಚೆನ್ನಾಗಿಯೇ ರಿಪೇರಿ ಮಾಡಿದ, ಸಹಿ ಕೇಳಿದ. ಅಷ್ಟರಲ್ಲಿ ನಾಲ್ಕು ಹೊಡೆದು ಚಹಾ ಬಂತು. ಒಂದು ಲೋಟ ಸಾಕು ಎಂದು ಕ್ಯಾಂಟೀನಿಗೆ ನಾನಿನ್ನೂ ಹೇಳಿಲ್ಲ.

"ಚಹಾ ತಗೋರಿ," ಎಂದೆ.

"ಇನ್ನೂ ಎರಡು ಕಂಪ್ಲೇಂಟ್ ಅದಾವ್ರಿ ಸರ," ಎಂದು ಹೊರಟುಬಿಟ್ಟ.

ಬಂದ ಹೊತ್ತು, ಹೋದ ಹೊತ್ತು ಎರಡನ್ನೂ ದುಂಡಗೆ ಬರೆದು, ಎರಡೂ ಲೋಟ ನಾನೇ ಕುಡಿದೆ.