ಅಳಿಸದೆ ಉಳಿದ ಮೂರು ಗೆರೆ

ಕೋಡನ್ನು ಪ್ರೋಗ್ರಾಮಾಗಿ ಕಟ್ಟುವ ಬಿಲ್ಡ್ ಒಡೆದಾಗ ನಾನು ಮೊದಲು ಅನುಮಾನಿಸುವುದು ನನ್ನನ್ನೇ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಮರಳುವವರ ಪೈಕಿ ನಾನು. ಆ ಬೆಳಗ್ಗೆಯೂ ಕಂಪ್ಯೂಟರ್ ಕೆಂಪು ಅಕ್ಷರದಲ್ಲಿ ತಪ್ಪು ತೋರಿಸಿದಾಗ, ನನ್ನ ಪಾಪ ಯಾವುದಿರಬಹುದು ಎಂದು ಹುಡುಕತೊಡಗಿದೆ.

ಬೆಟಗೇರಿಯಲ್ಲಿ ಸೀರೆ ಅಂಗಡಿಯೊಂದರ ಮೇಲಿನ ಎರಡು ಕೋಣೆ ನಮ್ಮ ಆಫೀಸು. ನಾವಿಬ್ಬರೇ ಪಾಲುದಾರರು, ನಾವಿಬ್ಬರೇ ಕೆಲಸಗಾರರು. ಗೆಳೆಯ ಲಕ್ಷ್ಮೇಶ್ವರದವನು, ಮುಸಲ್ಮಾನರ ಬಟ್ಟೆ ವ್ಯಾಪಾರದ ಮನೆತನ. ಹುಲಕೋಟಿ ಕಡೆಯ ಒಂದು ಸಹಕಾರಿ ಸಂಘಕ್ಕೆ ಬೀಜ, ಗೊಬ್ಬರದ ದಾಸ್ತಾನು ನೋಡಿಕೊಳ್ಳುವ ಪ್ರೋಗ್ರಾಮ್ ಬರೆಯುತ್ತಿದ್ದೆವು. ಒಂದೇ ಫೈಲಿನ ಒಂದೇ ಜಾಗವನ್ನು ಇಬ್ಬರೂ ತಿದ್ದಿದ್ದರೆ, ಇಬ್ಬರ ಕೋಡನ್ನು ಕೂಡಿಸುವ ಗಿಟ್ ಎಂಬ ತಂತ್ರಾಂಶ ಯಾವುದು ಸರಿ ಎಂದು ತಾನು ನಿರ್ಧರಿಸುವುದಿಲ್ಲ. ಇಬ್ಬರ ಬರಹವನ್ನೂ ಫೈಲಿನೊಳಗೇ ಇಟ್ಟು, ಮೇಲೆ ಎಡಕ್ಕೆ ತಿರುಗಿದ ಬಾಣದ ಮೊನೆಗಳ ಗೆರೆ, ನಡುವೆ ಸಮಚಿಹ್ನೆಗಳ ಗೆರೆ, ಕೆಳಗೆ ಬಲಕ್ಕೆ ತಿರುಗಿದ ಮೊನೆಗಳ ಗೆರೆ ಹಾಕುತ್ತದೆ. ಬೇಕಾದ್ದನ್ನು ಉಳಿಸಿ, ಆ ಗೆರೆಗಳನ್ನು ಅಳಿಸುವುದು ನಮ್ಮ ಕೆಲಸ. ಅಳಿಸದೆಯೇ ಕಮಿಟ್ ಮಾಡಿ ದಾಖಲಿಸಿದರೂ ಗಿಟ್ ತಕರಾರು ಮಾಡದು. ಬಿಲ್ಡ್ ಮಾತ್ರ ಅಲ್ಲಿ ಮುಗ್ಗರಿಸಿ ಬೀಳುತ್ತದೆ.

ನಮ್ಮಲ್ಲಿ ಅದಕ್ಕೊಂದು ಪದ್ಧತಿಯಿತ್ತು: ಇಬ್ಬರೂ ಪಕ್ಕಪಕ್ಕ ಕೂತು, ಒಬ್ಬ ಎರಡೂ ಬರಹವನ್ನು ಜೋರಾಗಿ ಓದಬೇಕು, ಇನ್ನೊಬ್ಬ ತೀರ್ಪು ಕೊಡಬೇಕು. ಹಿಂದಿನ ದಿನ ಒಬ್ಬ ಗಿರಾಕಿಯ ಕರೆಗೆ ನಾನು ಮುಂಡರಗಿಗೆ ಹೋಗಿದ್ದೆ. ಗೆಳೆಯ ಒಬ್ಬನೇ ಇಬ್ಬರ ಬರಹವನ್ನೂ ಕೂಡಿಸಿದ್ದ.

ತಪ್ಪು ತೋರಿಸಿದ ಸಾಲಿಗೆ ಹೋದೆ. ಮೂರೂ ಗೆರೆ ಅಲ್ಲೇ ಇದ್ದವು. ಫೈಲಿನ ಮೇಲ್ಭಾಗದ ಇಂಥ ಜಾಗಗಳನ್ನೆಲ್ಲ ಅವನು ಚೊಕ್ಕ ಮಾಡಿದ್ದ, ಇದೊಂದೇ ಉಳಿದಿತ್ತು. ನನ್ನ ಸಾಲಿನ ಕೊನೆಯ ಒಂದು ಖಾಲಿ ಜಾಗಕ್ಕೂ ಜಗಳ ತೆಗೆಯುವವನು ಅವನು.

“ನಿನ್ನಿ ಕೊನೀತನಾ ನೋಡಿದ್ಯೇನಲೇ?” ಎಂದು ಕೇಳಿದೆ.

“ನೋಡದ ಹಾಕ್ತೇನೇನು? ನಿನ್ನ ಅಂಜಿಕಿಗೆ ಔಷಧಾನ ಇಲ್ಲ ನೋಡು.”

“ಹಂಗಾರ ಇಲ್ಲಿ ಬಾ, ಓದು.”

ನಗುತ್ತಲೇ ಬಂದು ಕೂತ. ನನ್ನ ಸಾಲು ಓದಿದ, ತನ್ನ ಸಾಲು ಓದಿದ. ಗೆರೆಗಳ ಸುದ್ದಿ ಎತ್ತಲಿಲ್ಲ. ಗೆರೆಗಳಿದ್ದ ಕಡೆ, ಪರದೆಯ ಎಡ ಅಂಚಿನಲ್ಲಿ ಬೆರಳಿಟ್ಟೆ. ಅವನು ಕಣ್ಣು ಹೊರಳಿಸಲಿಲ್ಲ, ಇಡೀ ತಲೆಯನ್ನೇ ತಿರುಗಿಸಿ ನನ್ನ ಬೆರಳನ್ನು ಹುಡುಕಿದ.

“ಹೌದಲ್ಲ,” ಎಂದ. ನಗು ನಿಂತಿತ್ತು.

ಹಿಂದೊಮ್ಮೆ ಪರದೆಯಲ್ಲಿ ಅವನು ಅಕ್ಷರ ದೊಡ್ಡದು ಮಾಡಿಕೊಂಡಾಗ, “ಬಸ್ಸಿನ ಬೋರ್ಡ್ ಬರಿಯಾಕ ಹತ್ತೀಯೇನು?” ಎಂದು ನಾನು ಚೇಷ್ಟೆ ಮಾಡಿದ್ದೆ. ಊರೆಲ್ಲರ ಜ್ವರ, ಕೆಮ್ಮಿಗೆ ಚಿಂತಿಸುವ ನನಗೆ, ಪಕ್ಕದ ಕುರ್ಚಿಯವನ ಕಣ್ಣಿನ ಬಗ್ಗೆ ಚಿಂತೆ ಬಂದಿರಲಿಲ್ಲ.

“ಯಾವಾಗಿಂದ?”

“ಬಾಜೂಕಿಂದು ಮಬ್ಬ ಅಕ್ಕೈತಿ. ನೆಟ್ಟಗ ನೋಡಿದ್ರ ಕಾಣ್ತೈತಿ. ಚಸ್ಮಾ ಬದಲಿ ಮಾಡಿದ್ರ ಆತು ಅಂದ್ಕೊಂಡಿದ್ದೆ.” ದನಿ ತಗ್ಗಿಸಿ, “ಮನ್ಯಾಗ ಹೇಳಬ್ಯಾಡ. ಈ ಕೆಲಸ ಬಿಟ್ರ ನನಗ ಬ್ಯಾರೆ ಏನೂ ಬರಂಗಿಲ್ಲ,” ಎಂದ.

ಸಂಘದವರು ಕಾಯುತ್ತಿದ್ದರು. ನಾನು ಓದಿದೆ, ಅವನು ಕಣ್ಣು ಮುಚ್ಚಿ ಕೇಳಿದ. ನನ್ನದು ಬೀಜದ ಅವಧಿ ಮುಗಿದಿದೆಯೇ ಎಂದು ನೋಡುವ ಸಾಲು. ಅವನದು ದಾಸ್ತಾನಿನಿಂದ ಕಳೆಯುವ ಸಾಲು.

“ಎರಡೂ ಇರಲಿ. ಮೊದಲ ನಿಂದು, ಆಮ್ಯಾಲೆ ನಂದು. ಅವಧಿ ಮುಗಿದದ್ದನ್ನ ಕಳದು ಏನ್ ಮಾಡ್ತಿ?”

ಗೆರೆಗಳನ್ನು ಅಳಿಸಿದೆ. ಬಿಲ್ಡ್ ಆಯಿತು. ಇಬ್ಬರೂ ಖುಷಿಪಡಲಿಲ್ಲ.

ಹುಬ್ಬಳ್ಳಿಗೆ ಕರೆದೊಯ್ದೆ. ಅಲ್ಲಿನ ಕಣ್ಣಿನ ಡಾಕ್ಟರು, ಇದು ಅಂಚಿನಿಂದ ನೋಟ ಕಸಿಯುವ ಗ್ಲಾಕೋಮಾ ಎಂದರು. ಹೋದ ನೋಟ ಮರಳುವುದಿಲ್ಲ; ಇರುವುದನ್ನು ಉಳಿಸಿಕೊಳ್ಳಲು ಹನಿ ಹಾಕಬೇಕು. ಬರುವಾಗ ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ನನ್ನನ್ನೇ ಕೂಡಿಸಿದ. ನಾನು ಬೇರೆ ಡಾಕ್ಟರು, ಬೇರೆ ಊರು ಎಂದು ಬಡಬಡಿಸುತ್ತಿದ್ದೆ.

“ಸಾಕಲೇ. ಹೇಳೋದ ಕೇಳು. ಸಂಘದವರು ಬಳಸೋ ಸರ್ವರ್‌ಗೆ ಕೋಡ್ ಹಾಕೋ ನನ್ನ ಹಕ್ಕು ತಗದಬಿಡು. ನೀ ತೋರಿಸಿದ್ದು ಒಂದು ಜಾಗಾ. ನನಗ ಕಾಣದ್ದು ಇನ್ನೆಷ್ಟು ಐತೋ!”

“ಇಬ್ಬರೂ ಕೂಡೇ ನೋಡಿದ್ರಾತು.”

“ನೀ ಮುಂಡರಗಿಗೆ ಹೋದಾಗ?”

 ಹಕ್ಕು ತೆಗೆದೆಯಾ ಎಂದು ದಿನಾಲೂ ಕೇಳುತ್ತಿದ್ದ, ನಾನು ದಿನಾಲೂ ನಾಳೆ ಎನ್ನುತ್ತಿದ್ದೆ. ಒಂದು ಮಧ್ಯಾಹ್ನ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತ. ಕೋಡ್ ಹಾಕುವ ಹಕ್ಕಿದ್ದವರ ಪಟ್ಟಿಯಲ್ಲಿ ಅವನ ಹೆಸರಿನ ಮುಂದಿನ ಗುರುತು ತೆಗೆದೆ.

“ತಗದ್ಯಾ?”

“ತಗದೆ.”

ಪರದೆ ಎದುರಿಗೇ ಇತ್ತು. ಅವನು ಅದರ ಕಡೆ ನೋಡದೆ, ನನ್ನ ಮುಖವನ್ನೇ ನೆಟ್ಟಗೆ ನೋಡಿದ.

“ಖರೆ?”

“ಖರೆನಪಾ.”

ತಲೆಯಾಡಿಸಿ, ಕುರ್ಚಿಯನ್ನು ತನ್ನ ಮೇಜಿನ ಕಡೆ ಸರಿಸಿಕೊಂಡು ಹೋದ. ಆ ದಿನ ಅವನು ಕಂಪ್ಯೂಟರ್ ಚಾಲೂ ಮಾಡಲಿಲ್ಲ.